n-ನೇ ಮೂಲ ತೆಗೆದರೆ ಏನು ಉಳಿಯುತ್ತೆ? n^(1/n), n! ಮತ್ತು 100^n ಲಿಮಿಟ್ ಬಿಡಿಸುವ ದಾರಿ

ಮಡಿಕೇರಿಯಲ್ಲಿ ಬಿಎಸ್ಸಿ ಮೊದಲ ವರ್ಷದ ಮಕ್ಕಳಿಗೆ ಗಣಿತ ಟ್ಯೂಷನ್ ಹೇಳುತ್ತೇನೆ. n^(1/n) ಸೀಕ್ವೆನ್ಸ್‌ನ ಲಿಮಿಟ್ ಎಷ್ಟು ಅಂತ ಕೇಳಿದರೆ ಮುಕ್ಕಾಲು ಪಾಲು ಮಕ್ಕಳು ತಕ್ಷಣ 1 ಅಂತಾರೆ. ಉತ್ತರ ಸರಿ. ಯಾಕೆ ಅಂತ ಕೇಳಿದರೆ ಮಾತ್ರ ಕಥೆ ಬೇರೆ. ನಾಪೋಕ್ಲು ಕಡೆಯಿಂದ ಬರುವ ಒಬ್ಬ ಹುಡುಗಿ ಹೇಳಿದ್ದು ಹೀಗೆ: "ಮೇಡಂ, n ದೊಡ್ಡದಾದರೆ 1/n ಸೊನ್ನೆ ಆಗುತ್ತಲ್ಲ, ಯಾವ ಸಂಖ್ಯೆಗಾದರೂ ಘಾತ ಸೊನ್ನೆ ಹಾಕಿದರೆ 1 ತಾನೇ?"

ಕೇಳೋಕೆ ಚೆನ್ನಾಗಿದೆ. ಆದರೆ ಇದೇ ಮಾತನ್ನು (2^n)^(1/n) ಮೇಲೆ ಹೇಳಿ ನೋಡಿ. ಅಲ್ಲೂ ಘಾತ 1/n ಸೊನ್ನೆಗೆ ಹೋಗುತ್ತೆ, ಆದರೆ ಪ್ರತಿ ಪದವೂ ಸರಿಯಾಗಿ 2. (n^n)^(1/n) ಅಂದರೆ n, ಅದು ಎಲ್ಲೂ ನಿಲ್ಲೋದೇ ಇಲ್ಲ. ಘಾತ ಸೊನ್ನೆಗೆ ಇಳಿಯುತ್ತಿರುವಾಗ ಒಳಗಿನ ಸಂಖ್ಯೆ ಸುಮ್ನೆ ಕೂತಿಲ್ಲ, ಅದೂ ಮೇಲೆ ಹೋಗುತ್ತಿದೆ. ಯಾರ ಓಟ ಜಾಸ್ತಿ ಅನ್ನೋದನ್ನು ನೋಡದೆ ಉತ್ತರ ಬರೆಯೋಕಾಗಲ್ಲ. 5^(1/n) ಆಗಿದ್ದರೆ, ಅಂದರೆ ಒಳಗೆ ಒಂದು ಬದಲಾಗದ ಸಂಖ್ಯೆ ಇದ್ದಿದ್ದರೆ, ಆ ಹುಡುಗಿಯ ವಾದ ಪೂರ್ತಿ ಸರಿ.

ಈ ಲೇಖನದಲ್ಲಿ ಒಂದೇ ಸಂಗತಿ ಹಿಡಿದು ಹೋಗೋಣ. n-ನೇ ಮೂಲದ ಪ್ರಶ್ನೆ ಅಂದರೆ "ಒಳಗಿರೋದು ಯಾವ a^n ಜೊತೆ ಸರಿಸಮ ಓಡುತ್ತಿದೆ?" ಅನ್ನೋ ಪ್ರಶ್ನೆ. ಅದನ್ನು ಕಂಡುಹಿಡಿಯೋಕೆ ಅಕ್ಕಪಕ್ಕದ ಎರಡು ಪದಗಳ ರೇಶಿಯೋ ಸಾಕು. ನಮ್ಮಲ್ಲಿ ಮಳೆಗಾಲ ಶುರುವಾದರೆ ಕರೆಂಟು, ನೆಟ್‌ವರ್ಕ್ ಎರಡನ್ನೂ ನಂಬೋ ಹಾಗಿಲ್ಲ, ಹಾಗಾಗಿ ಪೇಪರ್ ಮತ್ತು ಒಂದು ಸೈಂಟಿಫಿಕ್ ಕ್ಯಾಲ್ಕುಲೇಟರ್ ಇದ್ದರೆ ಆಗುವಂತೆ ಬರೆದಿದ್ದೇನೆ.

ಹೆಜ್ಜೆ 1: ಮೊದಲು ಕೆಲವು ಬೆಲೆಗಳನ್ನು ಬರೆಯಿರಿ

n = 1 ಇದ್ದಾಗ n^(1/n) = 1. n = 2ಕ್ಕೆ 1.414, 3ಕ್ಕೆ 1.442, 4ಕ್ಕೆ ಮತ್ತೆ 1.414. 10ಕ್ಕೆ 1.259, 100ಕ್ಕೆ 1.047, 1000ಕ್ಕೆ 1.0069. ಅಂದರೆ 3ರಲ್ಲಿ ಅತಿ ಹೆಚ್ಚು, ಆಮೇಲೆ ಇಳಿಮುಖ. 2 ಮತ್ತು 4 ಎರಡಕ್ಕೂ ಒಂದೇ ಬೆಲೆ ಬಂದಿದ್ದು ಆಕಸ್ಮಿಕ ಅಲ್ಲ, 4ರ ನಾಲ್ಕನೇ ಮೂಲ ಅಂದರೆ 2ರ ವರ್ಗಮೂಲವೇ.

ಈ ಪಟ್ಟಿಯಿಂದ 1 ಅನ್ನೋ ಊಹೆ ಬರುತ್ತೆ. ಊಹೆ ಅಷ್ಟೇ. ಇಳಿಯುತ್ತಾ ಇಳಿಯುತ್ತಾ 1.001ರಲ್ಲೇ ನಿಂತುಬಿಟ್ಟರೆ? ಪಟ್ಟಿ ನೋಡಿ ಅದನ್ನು ಹೇಳೋಕಾಗಲ್ಲ.

ಹೆಜ್ಜೆ 2: ಮೂಲವನ್ನು ತೆಗೆದುಹಾಕಿ, ಪ್ರಶ್ನೆಯನ್ನು ತಿರುಗಿಸಿ

n ಕನಿಷ್ಠ 1 ಇರೋದರಿಂದ n^(1/n) ಯಾವತ್ತೂ 1ಕ್ಕಿಂತ ಕಡಿಮೆ ಆಗಲ್ಲ. ಇನ್ನು ತೋರಿಸಬೇಕಾದ್ದು ಇಷ್ಟೇ: ಎಷ್ಟೇ ಚಿಕ್ಕ h > 0 ಕೊಟ್ಟರೂ, ಒಂದು ಹಂತ ದಾಟಿದ ಮೇಲೆ n^(1/n) < 1 + h. ಎರಡೂ ಕಡೆ n-ನೇ ಘಾತ ಹಾಕಿದರೆ ಇದು ಹೀಗಾಗುತ್ತೆ:

n < (1 + h)^n

ಮೂಲ ಮಾಯ! ಈಗ ಉಳಿದದ್ದು n ಮತ್ತು (1+h)^n ನಡುವಿನ ಪೈಪೋಟಿ. h = 0.01 ಆದರೆ, ಶೇಕಡಾ 1ರ ಚಕ್ರಬಡ್ಡಿಯಲ್ಲಿ ಬೆಳೆಯುವ ಮೊತ್ತ n ಅನ್ನು ಹಿಂದೆ ಹಾಕುತ್ತಾ ಅಂತ ಕೇಳಿದಂತೆ.

ಇಲ್ಲಿ ಜಾಸ್ತಿ ಜನ ಎಡವುವ ಜಾಗ ಒಂದಿದೆ. ಬೈನಾಮಿಯಲ್ ವಿಸ್ತರಣೆಯ ಮೊದಲ ಎರಡು ಪದ ಮಾತ್ರ ತಗೊಂಡು (1+h)^n ≥ 1 + nh ಅಂತ ಬರೆದು ಮುಂದೆ ಹೋಗೋಕೆ ನೋಡುತ್ತಾರೆ. ಬರೆದದ್ದು ನಿಜ, ಆದರೆ ಉಪಯೋಗ ಇಲ್ಲ: h = 0.01 ಇದ್ದರೆ 1 + 0.01n ಯಾವ ದೊಡ್ಡ n ತಗೊಂಡರೂ n ಅನ್ನು ಮುಟ್ಟಲ್ಲ. ನಮಗೆ n ಅನ್ನು ಸೋಲಿಸುವ ಪದ ಬೇಕು, ಅಂದರೆ n² ಇರುವ ಪದ. ಅದು ವಿಸ್ತರಣೆಯ ಮೂರನೇ ಪದ. ಉಳಿದ ಪದಗಳೆಲ್ಲ ಪಾಸಿಟಿವ್ ಆದ್ದರಿಂದ, n ಕನಿಷ್ಠ 2 ಇದ್ದಾಗ, ಬಿಟ್ಟುಬಿಡಬಹುದು:

(1 + h)^n > n(n − 1)h²/2

ಬಲಗಡೆ ಇರೋದು n ಅಷ್ಟಾದರೂ ಆಗಬೇಕಾದರೆ (n − 1)h²/2 ≥ 1 ಆಗಬೇಕು, ಅಂದರೆ n ≥ 1 + 2/h². ಮುಗೀತು. ಅಲ್ಲಿಂದ ಮುಂದೆ ಪ್ರತಿ n-ಗೂ n^(1/n) < 1 + h. ಲಿಮಿಟ್ 1.

h = 0.01 ಹಾಕಿ ನೋಡಿ. 1 + 2/0.0001 = 20001 ಬರುತ್ತೆ. ನಿಜದಲ್ಲಿ ಅಷ್ಟು ದೂರ ಹೋಗೋದೇ ಬೇಡ, n = 652 ಆದಾಗಿನಿಂದಲೇ n^(1/n) 1.01ಕ್ಕಿಂತ ಕೆಳಗಿರುತ್ತೆ. ನಾವು ಬೈನಾಮಿಯಲ್‌ನ ಒಂದೇ ಪದ ಇಟ್ಟುಕೊಂಡು ಉಳಿದದ್ದನ್ನೆಲ್ಲ ಎಸೆದಿದ್ದಕ್ಕೆ ಈ ದುಬಾರಿ ಲೆಕ್ಕ. ಅದರಿಂದ ತೊಂದರೆ ಏನೂ ಇಲ್ಲ. ಲಿಮಿಟ್‌ಗೆ "ಒಂದು ಹಂತ ಇದೆ" ಅಂತ ತೋರಿಸಿದರೆ ಸಾಕು, ಅತಿ ಚಿಕ್ಕ ಹಂತ ಯಾವುದು ಅಂತ ಯಾರೂ ಕೇಳಿಲ್ಲ. ಪರೀಕ್ಷೆಯಲ್ಲಿ ಅತಿ ಚಿಕ್ಕದನ್ನೇ ಹುಡುಕಲು ಹೋಗಿ ಅರ್ಧ ಗಂಟೆ ಕಳೆಯುವವರನ್ನು ನೋಡಿದ್ದೇನೆ, ಬೇಡ.

n², n³ ಇವುಗಳ n-ನೇ ಮೂಲಕ್ಕೆ ಹೊಸ ಕೆಲಸ ಇಲ್ಲ. (n³)^(1/n) ಅಂದರೆ n^(1/n) ಮೂರು ಸಲ ಗುಣಿಸಿದ್ದು, ಹಾಗಾಗಿ 1 × 1 × 1. ಆದರೆ ಗುಣಿಸುವ ಸಂಖ್ಯೆ ಬದಲಾಗದೆ ಇರಬೇಕು. n^(1/n) ಅನ್ನು n ಸಲ ಗುಣಿಸಿದರೆ n ಸಿಗುತ್ತೆ, 1 ಅಲ್ಲ.

ಹೆಜ್ಜೆ 3: 100^n ದೊಡ್ಡದೋ, n! ದೊಡ್ಡದೋ

ಈಗ ಫ್ಯಾಕ್ಟೋರಿಯಲ್‌ಗೆ ಬನ್ನಿ. a_n = 100^n / n! ಅಂತ ಇಟ್ಟುಕೊಳ್ಳಿ. ಲಿಮಿಟ್ ಸೊನ್ನೆ ಅಂತ ಪುಸ್ತಕ ಹೇಳುತ್ತೆ. ಕ್ಯಾಲ್ಕುಲೇಟರ್ ಹಿಡಿದರೆ ನಂಬಿಕೆ ಬರಲ್ಲ: a_1 = 100, a_2 = 5000, a_10 ಅಂದರೆ ಸುಮಾರು 2.76 × 10^13. ಸೊನ್ನೆ ಕಡೆ ಹೋಗುವ ಲಕ್ಷಣವೇ ಕಾಣಲ್ಲ. ಇನ್ನೂ ಮುಂದೆ ನೋಡೋಣ ಅಂದರೆ ಸಾಮಾನ್ಯ ಸೈಂಟಿಫಿಕ್ ಕ್ಯಾಲ್ಕುಲೇಟರ್ 69! ತನಕ ಹೋಗಿ ನಿಲ್ಲುತ್ತೆ, ಯಾಕೆಂದರೆ 70! ಅನ್ನೋದು 10^100 ದಾಟುತ್ತೆ, ಸ್ಕ್ರೀನಿನಲ್ಲಿ ಎರರ್ ಬರುತ್ತೆ. 100^n ಅಂತೂ 50ಕ್ಕೇ ಕೈ ಎತ್ತುತ್ತೆ.

ಹಾಗಾಗಿ ಪದಗಳನ್ನು ಲೆಕ್ಕ ಹಾಕಬೇಡಿ, ಒಂದು ಪದದಿಂದ ಮುಂದಿನ ಪದಕ್ಕೆ ಹೋಗೋಕೆ ಎಷ್ಟರಿಂದ ಗುಣಿಸಬೇಕು ಅನ್ನೋದನ್ನು ಬರೆಯಿರಿ. ಮೇಲೆ ಒಂದು 100 ಸೇರುತ್ತೆ, ಕೆಳಗೆ ಒಂದು (n + 1) ಸೇರುತ್ತೆ:

a_(n+1) / a_n = 100 / (n + 1)

ಈ ಒಂದು ಸಾಲು ಪೂರ್ತಿ ಕಥೆ ಹೇಳುತ್ತೆ. n + 1 ಅನ್ನೋದು 100ಕ್ಕಿಂತ ಕಡಿಮೆ ಇರೋ ತನಕ ಸೀಕ್ವೆನ್ಸ್ ಏರುತ್ತೆ. n = 99ರಲ್ಲಿ ರೇಶಿಯೋ ಸರಿಯಾಗಿ 1, ಅಂದರೆ a_99 ಮತ್ತು a_100 ಎರಡೂ ಒಂದೇ. ಅಲ್ಲಿಂದಾಚೆ ಇಳಿಯುತ್ತೆ, ಇಳಿತ ಹೋಗ್ತಾ ಹೋಗ್ತಾ ಕಡಿದಾಗುತ್ತೆ. ಕುಶಾಲನಗರದಿಂದ ಮಡಿಕೇರಿಗೆ ಹತ್ತಿ, ಸಂಪಾಜೆ ಕಡೆ ಘಾಟಿ ಇಳಿದ ಹಾಗೆ. ತುದಿಯಲ್ಲಿ ಬೆಲೆ ಸುಮಾರು 1.07 × 10^42. ಇಷ್ಟು ದೊಡ್ಡ ಸಂಖ್ಯೆ ನೋಡಿ ಗಾಬರಿ ಬೇಡ. ಲಿಮಿಟ್‌ಗೆ ತುದಿ ಎಷ್ಟು ಎತ್ತರ ಅನ್ನೋದು ಲೆಕ್ಕಕ್ಕೇ ಬರಲ್ಲ, ಅದೊಂದು ಬದಲಾಗದ ಸಂಖ್ಯೆ ಅಷ್ಟೇ.

ಪ್ರೂಫ್ ಬರೆಯುವಾಗ ತುದಿಯಿಂದಲೇ ಶುರು ಮಾಡಬೇಡಿ. 100ರ ಪಕ್ಕದಲ್ಲಿ ರೇಶಿಯೋ 0.99, 0.98 ಹೀಗೆ 1ಕ್ಕೆ ಅಂಟಿಕೊಂಡಿರುತ್ತೆ, ಅಲ್ಲಿ ಕೆಲಸ ಮಾಡೋದು ಕಷ್ಟ. ಇನ್ನೊಂದು 100 ಹೆಜ್ಜೆ ಮುಂದೆ ಹೋಗಿ 200ರಲ್ಲಿ ನಿಲ್ಲಿ. ಅಲ್ಲಿಂದ ಪ್ರತಿ ರೇಶಿಯೋ 100/201 ಅಥವಾ ಅದಕ್ಕಿಂತ ಕಡಿಮೆ, ಅಂದರೆ 1/2ಕ್ಕಿಂತ ಕಡಿಮೆ. ಪ್ರತಿ ಹೆಜ್ಜೆಯಲ್ಲೂ ಅರ್ಧಕ್ಕಿಂತ ಕಡಿಮೆ ಉಳಿಯುತ್ತೆ ಅಂದರೆ:

0 < a_n ≤ a_200 × (1/2)^(n − 200), n ≥ 200 ಇದ್ದಾಗ

a_200 ಸುಮಾರು 1.27 × 10^25. ಇರಲಿ ಬಿಡಿ. ಅದು ಸ್ಥಿರ, (1/2)ರ ಘಾತ ಸೊನ್ನೆಗೆ ಹೋಗುತ್ತೆ, ಹಾಗಾಗಿ a_n ಕೂಡ ಸೊನ್ನೆಗೆ. 100ರ ಜಾಗದಲ್ಲಿ ಯಾವುದೇ ಸ್ಥಿರ ಸಂಖ್ಯೆ c ಇದ್ದರೂ ಇದೇ ಪ್ರೂಫ್, 2c ದಾಟಿದ ಮೇಲೆ ಶುರು ಮಾಡಿದರೆ ಆಯಿತು.

n! ಯಾವಾಗ 100^n ಅನ್ನು ನಿಜವಾಗಿ ದಾಟುತ್ತೆ ಅಂತ ಕುತೂಹಲ ಇದ್ದೇ ಇರುತ್ತೆ ಅಲ್ವಾ? 100ರಲ್ಲಿ ಅಂತ ಹೇಳುವವರು ಬಹಳ ಜನ, ಅದು ತಪ್ಪು. 100ರಲ್ಲಿ n! ವೇಗದಲ್ಲಿ ಸಮ ಆಗುತ್ತೆ ಅಷ್ಟೇ, ಅಷ್ಟರೊಳಗೆ ಬಿದ್ದ 10^42 ಪಟ್ಟು ಅಂತರವನ್ನು ಇನ್ನೂ ತುಂಬಬೇಕು. ಮೇಲಿನ ಅರ್ಧ ಅರ್ಧದ ಲೆಕ್ಕದ ಪ್ರಕಾರ 200ರಿಂದ 84 ಹೆಜ್ಜೆ ಸಾಕು, ಯಾಕೆಂದರೆ 2^84 ಅನ್ನೋದು 1.27 × 10^25ಕ್ಕಿಂತ ದೊಡ್ಡದು. ಅಂದರೆ 284ರೊಳಗೆ ದಾಟಲೇಬೇಕು. ನಿಜವಾಗಿ ದಾಟೋದು 269ರಲ್ಲಿ. 268ರಲ್ಲಿ 100^n ಇನ್ನೂ ಒಂದು ಚೂರು ಮುಂದೆ ಇರುತ್ತೆ.

ಕರೆಂಟು ಇದ್ದ ದಿನ ಕಂಪ್ಯೂಟರಿನಲ್ಲಿ ನೋಡಬೇಕು ಅಂದರೆ, ಅಲ್ಲೂ 100^n ಬೇರೆ, n! ಬೇರೆ ಲೆಕ್ಕ ಹಾಕಿ ಭಾಗಿಸಬೇಡಿ. ದಶಮಾಂಶ ಸಂಖ್ಯೆಗಳಿಗೆ ಕಂಪ್ಯೂಟರ್ ಕೊಡೋ ಜಾಗ ಸುಮಾರು 1.8 × 10^308 ತನಕ ಮಾತ್ರ. 100^155 ಅದನ್ನು ದಾಟುತ್ತೆ, 171! ಕೂಡ ದಾಟುತ್ತೆ. ರೇಶಿಯೋ ಹಿಡಿದು ಹೋದರೆ ಈ ತಾಪತ್ರಯ ಇಲ್ಲ:

```
a = 1.0
for n in range(1, 301):
    a = a * 100 / n
    if n in (10, 99, 100, 200, 268, 269, 300):
        print(n, a)
```

268ಕ್ಕೆ 1.09ರ ಹತ್ತಿರ, 269ಕ್ಕೆ 0.405ರ ಹತ್ತಿರ ಬಂದರೆ ಸರಿಯಾಗಿ ಟೈಪ್ ಮಾಡಿದ್ದೀರಿ ಅಂತ ಅರ್ಥ.

ಹೆಜ್ಜೆ 4: ಎರಡನ್ನೂ ಸೇರಿಸಿ, n! ಮೂಲ ತೆಗೆಯಿರಿ

ಹೆಜ್ಜೆ 2ರಲ್ಲಿ ಮೂಲದ ಪ್ರಶ್ನೆಯನ್ನು ಘಾತದ ಪ್ರಶ್ನೆಯಾಗಿ ತಿರುಗಿಸಿದೆವು. ಈಗ ಅದನ್ನೇ ಉಲ್ಟಾ ಮಾಡಿ. ಯಾವ c ಕೊಟ್ಟರೂ ಒಂದು ಹಂತದ ನಂತರ n! > c^n ಅಂತ ಈಗಷ್ಟೇ ತೋರಿಸಿದೆವು. n-ನೇ ಮೂಲ ತೆಗೆದರೆ (n!)^(1/n) > c. c ಎಷ್ಟು ದೊಡ್ಡದಿದ್ದರೂ ಇದು ನಿಜ, ಹಾಗಾಗಿ (n!)^(1/n) ಅನಂತಕ್ಕೆ ಹೋಗುತ್ತೆ. ಹೊಸದಾಗಿ ಏನೂ ಮಾಡಲಿಲ್ಲ, ನೋಡಿ.

ಅನಂತಕ್ಕೆ ಹೋಗುತ್ತೆ ಸರಿ, ಯಾವ ವೇಗದಲ್ಲಿ? ಇಲ್ಲಿಂದ ವಿಷಯ ರುಚಿ ಹತ್ತುತ್ತೆ. (10!)^(1/10) ಸುಮಾರು 4.53. (100!)^(1/100) ಸುಮಾರು 37.99. (1000!)^(1/1000) ಸುಮಾರು 369.5. n ಹತ್ತು ಪಟ್ಟಾದಾಗ ಇದೂ ಹತ್ತಿರ ಹತ್ತಿರ ಹತ್ತು ಪಟ್ಟಾಗುತ್ತಿದೆ. n-ಇಂದ ಭಾಗಿಸಿದರೆ 0.453, 0.380, 0.3695. ಎಲ್ಲೋ ನಿಲ್ಲುವ ಹಾಗೆ ಕಾಣುತ್ತೆ. ಎಲ್ಲಿ?

(n!)^(1/n) / n ಅನ್ನೋದನ್ನು ಒಂದೇ ಮೂಲದೊಳಗೆ ತಳ್ಳಿ. ಕೆಳಗಿನ n ಅನ್ನು (n^n)^(1/n) ಅಂತ ಬರೆದರೆ, ಇದು b_n = n!/n^n ಅನ್ನೋದರ n-ನೇ ಮೂಲ. ಮತ್ತೆ ರೇಶಿಯೋ ಬರೆಯಿರಿ. ಇಲ್ಲಿ ಸ್ವಲ್ಪ ನಿಧಾನವಾಗಿ, ಯಾಕೆಂದರೆ n^n ಮುಂದಿನ ಪದಕ್ಕೆ ಹೋದಾಗ ತಳ, ಘಾತ ಎರಡೂ ಬದಲಾಗುತ್ತೆ. (n+1)!/(n+1)^(n+1) ನಲ್ಲಿ ಮೇಲೊಂದು (n+1), ಕೆಳಗೊಂದು (n+1) ಹೊಡೆದುಹೋಗುತ್ತೆ, ಉಳಿಯೋದು n!/(n+1)^n. ಹಾಗಾಗಿ:

b_(n+1) / b_n = n^n / (n+1)^n = 1 / (1 + 1/n)^n

ಕೆಳಗಿರೋದು e ಕಡೆ ಹೋಗುವ ನಮ್ಮ ಹಳೇ ಪರಿಚಯ. ರೇಶಿಯೋ 1/e ಕಡೆ ಹೋಗುತ್ತೆ, ಅಂದರೆ 0.3679 ಕಡೆ. ಪಟ್ಟಿಯಲ್ಲಿ 0.3695 ಬಂದಿದ್ದು ಇದಕ್ಕೇ.

ಆದರೆ ರೇಶಿಯೋ 1/e ಆದರೆ ಮೂಲವೂ 1/e ಯಾಕಾಗಬೇಕು? ರೇಶಿಯೋ L ಕಡೆ ಹೋಗುತ್ತಿದೆ ಅಂದರೆ, ಒಂದು ಹಂತ N ದಾಟಿದ ಮೇಲೆ ಪ್ರತಿ ಹೆಜ್ಜೆಯಲ್ಲೂ ನಾವು L ಹತ್ತಿರದ ಸಂಖ್ಯೆಯಿಂದಲೇ ಗುಣಿಸುತ್ತಿದ್ದೇವೆ, L − h ಮತ್ತು L + h ನಡುವಿನದರಿಂದ. N ಇಂದ n ತನಕ ಗುಣಿಸಿದರೆ b_n ಅನ್ನೋದು b_N (L − h)^(n−N) ಮತ್ತು b_N (L + h)^(n−N) ನಡುವೆ ಸಿಕ್ಕಿಬೀಳುತ್ತೆ. n-ನೇ ಮೂಲ ತೆಗೆಯಿರಿ. b_N ಮತ್ತು ಆ N ಹೆಜ್ಜೆಗಳ ಸಾಲ ಎರಡೂ ಸ್ಥಿರ ಸಂಖ್ಯೆಗಳು, ಅವುಗಳ n-ನೇ ಮೂಲ 1ಕ್ಕೆ ಹೋಗಿ ಮರೆಯಾಗುತ್ತೆ. ಮೊದಲು ಹೇಳಿದ 5^(1/n) ನೆನಪಿದೆಯಲ್ಲ, ಅದೇ. ಉಳಿಯೋದು L − h ಮತ್ತು L + h. h ನಮ್ಮ ಇಷ್ಟ, ಬೇಕಾದಷ್ಟು ಚಿಕ್ಕದು ಮಾಡಬಹುದು. ಪದಗಳು ಪಾಸಿಟಿವ್ ಆಗಿರಬೇಕು ಅನ್ನೋದೊಂದೇ ಷರತ್ತು. ಈ ಪ್ರಮೇಯವನ್ನು ಫ್ರೆಂಚ್ ಗಣಿತಜ್ಞ ಕೋಶಿ 1821ರಲ್ಲೇ ತನ್ನ ಪಾಠದ ಪುಸ್ತಕದಲ್ಲಿ ಕೊಟ್ಟಿದ್ದಾನೆ.

ಇದು ಗೊತ್ತಾದ ಮೇಲೆ n^(1/n) ಒಂದೇ ಸಾಲಿನ ಕೆಲಸ: (n+1)/n ಅನ್ನೋದು 1ಕ್ಕೆ ಹೋಗುತ್ತೆ, ಹಾಗಾಗಿ ಮೂಲವೂ 1ಕ್ಕೆ. ಹಾಗಿದ್ದರೆ ಬೈನಾಮಿಯಲ್ ಯಾಕೆ ಮಾಡಿಸಿದಿರಿ ಅಂತ ಬೈಯಬೇಡಿ. ಎಷ್ಟು ಮುಂದೆ ಹೋದರೆ 1.01ಕ್ಕಿಂತ ಕೆಳಗೆ ಬರುತ್ತೆ ಅಂತ ಬೈನಾಮಿಯಲ್ ಹೇಳುತ್ತೆ, ಈ ಪ್ರಮೇಯ ಹೇಳಲ್ಲ.

ಎರಡು ಕಡೆ ಹುಷಾರಾಗಿರಿ. ಒಂದು, ರೇಶಿಯೋ 1ಕ್ಕೆ ಹೋದರೆ ಮೂಲದ ಲಿಮಿಟ್ ಗೊತ್ತಾಗುತ್ತೆ, ಆದರೆ ಸೀಕ್ವೆನ್ಸ್‌ನ ಲಿಮಿಟ್ ಬಗ್ಗೆ ಏನೂ ಗೊತ್ತಾಗಲ್ಲ. n ಮತ್ತು 1/n ಎರಡಕ್ಕೂ ರೇಶಿಯೋ 1ಕ್ಕೇ ಹೋಗುತ್ತೆ, ಒಂದು ಅನಂತಕ್ಕೆ, ಇನ್ನೊಂದು ಸೊನ್ನೆಗೆ. ಎರಡು, ರೇಶಿಯೋಗೆ ಲಿಮಿಟ್ ಇಲ್ಲ ಅಂದಮಾತ್ರಕ್ಕೆ ಮೂಲಕ್ಕೂ ಇಲ್ಲ ಅಂತ ಬರೆಯಬೇಡಿ. 1, 3, 1, 3 ಅಂತ ಹೋಗುವ ಸೀಕ್ವೆನ್ಸ್‌ನಲ್ಲಿ ರೇಶಿಯೋ 3, 1/3, 3, 1/3 ಅಂತ ಕುಣಿಯುತ್ತೆ, n-ನೇ ಮೂಲ ಮಾತ್ರ ತಣ್ಣಗೆ 1ಕ್ಕೆ ಹೋಗುತ್ತೆ.

ಹೆಜ್ಜೆ 5: ಮೂಲದೊಳಗೆ ಕೂಡುವಿಕೆ ಇದ್ದರೆ

(n³ + 4^n)^(1/n) ಬಂದರೆ ರೇಶಿಯೋ ಬರೆಯೋದು ಗೋಜಲು. ಮೂಲದೊಳಗೆ ಯಾರು ದೊಡ್ಡವರು ನೋಡಿ. 4^n. ಒಂದು ಹಂತದ ನಂತರ n³ ಅದಕ್ಕಿಂತ ಚಿಕ್ಕದು, ಹಾಗಾಗಿ ಮೊತ್ತ 4^n ಮತ್ತು 2 × 4^n ನಡುವೆ ಇರುತ್ತೆ. ಮೂಲ ತೆಗೆದರೆ 4 ಮತ್ತು 4 × 2^(1/n) ನಡುವೆ. ಲಿಮಿಟ್ 4. ನಡುವೆ ಹಿಡಿಯುವ ಈ ತಂತ್ರ ಹತ್ತರಲ್ಲಿ ಒಂಬತ್ತು ಲೆಕ್ಕಕ್ಕೆ ಸಾಕು.

ಕೊನೆಗೆ ನನಗೆ ಇಷ್ಟವಾದ ಒಂದು ಲೆಕ್ಕ, ಯಾಕೆಂದರೆ ಇದರಲ್ಲಿ ಬೆಲೆಗಳ ಪಟ್ಟಿ ಮಾತ್ರ ನೋಡುವವರು ಖಂಡಿತ ಬೀಳುತ್ತಾರೆ:

c_n = (100^n + n!)^(1/n)

n = 1ಕ್ಕೆ 101. n = 2ಕ್ಕೆ 10002ರ ವರ್ಗಮೂಲ, ಅಂದರೆ 100.01. ಆಮೇಲೆ ಎಷ್ಟೋ ಹೊತ್ತು ಕ್ಯಾಲ್ಕುಲೇಟರ್ ಬರೀ 100 ತೋರಿಸುತ್ತೆ. n = 50ರಲ್ಲಿ 100^n ಅನ್ನೋದು 10^100, ಅದರ ಮುಂದೆ 50! ಸುಮಾರು 3 × 10^64, ಲೆಕ್ಕಕ್ಕೇ ಇಲ್ಲ. n = 200ರಲ್ಲೂ 100. ಇನ್ನೂರು ಪದ ಒಂದೇ ಕಡೆ ಕೂತಿದ್ದರೆ ಯಾರು ತಾನೇ ಲಿಮಿಟ್ 100 ಅನ್ನಲ್ಲ?

ಈಗ ಹೆಜ್ಜೆ 3 ತಂದಿಡಿ. 269ರಲ್ಲಿ n! ಮುಂದೆ ಬರುತ್ತೆ, c_269 ಸುಮಾರು 100.46. ಅಲ್ಲಿಂದ ಮೂಲದೊಳಗಿನ ದೊಡ್ಡವರು n!, ಹಾಗಾಗಿ ಮೊತ್ತ n! ಮತ್ತು 2 × n! ನಡುವೆ. c_n ಅನ್ನೋದು (n!)^(1/n) ಮತ್ತು ಅದರ 2^(1/n) ಪಟ್ಟಿನ ನಡುವೆ. c_300 ಸುಮಾರು 111.8, c_1000 ಸುಮಾರು 369.5. ಲಿಮಿಟ್ ಅನಂತ, ಮತ್ತು c_n / n ಹೋಗೋದು 1/e ಕಡೆಗೆ. 100ರ ಜಾಗದಲ್ಲಿ 1000 ಹಾಕಿ ನೀವೇ ನೋಡಿ: n! ಯಾವಾಗ ಮುಂದೆ ಬರಬಹುದು ಅಂತ ಅಂದಾಜಿಸೋಕೆ, (n!)^(1/n) ಹತ್ತಿರ ಹತ್ತಿರ n/e ಅನ್ನೋದನ್ನು ಬಳಸಿದರೆ 1000 × e, ಅಂದರೆ 2718ರ ಆಸುಪಾಸು ಬರುತ್ತೆ. 100ಕ್ಕೆ ಇದೇ ಅಂದಾಜು 272 ಕೊಡುತ್ತೆ, ಸರಿಯಾದದ್ದು 269.